ಫೋನ್ ಕಳೆದುಹೋದ ಮೇಲೆ ಒಳಗಿನ ಮಾಹಿತಿ ಯಾರ ಕೈಗೆ?

ಫೋನಿನ ಪರದೆಗೆ ಹಾಕುವ ಲಾಕ್ ಬೇರೆ, ಒಳಗಿನ ಮಾಹಿತಿಗೆ ಮಾಡುವ ಎನ್‌ಕ್ರಿಪ್ಷನ್ ಬೇರೆ. ಬರೀ ಪರದೆಯ ಲಾಕ್ ಇರುವ ಫೋನನ್ನು ಬಿಚ್ಚಿ, ಅದರ ಸ್ಟೋರೇಜ್ ಚಿಪ್ ಕಿತ್ತು ಬೇರೆ ಯಂತ್ರಕ್ಕೆ ಜೋಡಿಸಿದರೆ ಫೋಟೊ, ಸಂದೇಶ, ದಾಖಲೆಗಳನ್ನು ಸಲೀಸಾಗಿ ಓದಬಹುದು. ಆಂಡ್ರಾಯ್ಡ್ ಫೋನುಗಳ ಮೊದಲ ಕೆಲವು ವರ್ಷ ಬಹುಮಟ್ಟಿಗೆ ಹೀಗೆಯೇ ಇತ್ತು. 2014ರಲ್ಲಿ ಬಂದ ಐಒಎಸ್ 8ರಿಂದ ಐಫೋನಿನ ಬಹುಪಾಲು ಮಾಹಿತಿ ಬಳಕೆದಾರರ ಪಾಸ್‌ಕೋಡಿಗೆ ಕಟ್ಟುಬಿದ್ದಿತು. 2019ರ ಆಂಡ್ರಾಯ್ಡ್ 10ರೊಂದಿಗೆ ಮಾರುಕಟ್ಟೆಗೆ ಬರುವ ಪ್ರತಿ ಹೊಸ ಫೋನಿಗೂ, ಬೆಲೆ ಎಷ್ಟೇ ಇರಲಿ, ಎನ್‌ಕ್ರಿಪ್ಷನ್ ಕಡ್ಡಾಯವಾಯಿತು. ಇಂಥ ಫೋನಿನ ಚಿಪ್ ಕಿತ್ತರೆ ಸಿಗುವುದು ಅರ್ಥವಿಲ್ಲದ ಅಂಕಿಗಳ ರಾಶಿ ಮಾತ್ರ.

ಆ ರಾಶಿಯನ್ನು ಮತ್ತೆ ಮಾಹಿತಿಯಾಗಿಸುವ ಕೀಲಿ 256 ಬಿಟ್‌ಗಳಷ್ಟು ಉದ್ದದ ಒಂದು ಸಂಖ್ಯೆ. ಊಹಿಸಿ ಹಿಡಿಯಲು ಸಾಧ್ಯವಿಲ್ಲದಷ್ಟು ದೊಡ್ಡದು. ಬಳಕೆದಾರರು ಒತ್ತುವ ಪಿನ್ ಆ ಕೀಲಿಯಲ್ಲ. ಕಾರ್ಖಾನೆಯಲ್ಲೇ ಫೋನಿನ ಸುರಕ್ಷಾ ಚಿಪ್‌ನಲ್ಲಿ ಹುದುಗಿಸಿಟ್ಟ ಒಂದು ರಹಸ್ಯ ಸಂಖ್ಯೆಯ ಜೊತೆ ಪಿನ್ ಬೆರೆತಾಗ ಮಾತ್ರ ನಿಜವಾದ ಕೀಲಿ ತೆರೆದುಕೊಳ್ಳುತ್ತದೆ. ಆ ರಹಸ್ಯ ಸಂಖ್ಯೆ ಚಿಪ್ ಬಿಟ್ಟು ಹೊರಗೆ ಬರುವುದಿಲ್ಲ. ಹಾಗಾಗಿ ಮಾಹಿತಿಯನ್ನು ನಕಲು ಮಾಡಿಕೊಂಡು ದೊಡ್ಡ ಕಂಪ್ಯೂಟರಿನಲ್ಲಿ ಪಿನ್‌ಗಳನ್ನು ಪ್ರಯತ್ನಿಸುವ ಹಾದಿ ಮುಚ್ಚಿಹೋಗುತ್ತದೆ. ಏನೇ ಮಾಡಿದರೂ ಅದೇ ಫೋನಿನ ಮೇಲೆ, ಒಂದೊಂದೇ ಪಿನ್ ಒತ್ತಿ ನೋಡಬೇಕು.

ಒಂದೊಂದೇ ಎಂದರೂ ನಾಲ್ಕಂಕಿಯ ಪಿನ್‌ಗೆ ಇರುವುದು 10,000 ಸಾಧ್ಯತೆಗಳಷ್ಟೇ. ಐಫೋನಿನಲ್ಲಿ ಒಂದು ಪ್ರಯತ್ನದ ಲೆಕ್ಕಾಚಾರಕ್ಕೆ ಬೇಕೆಂದೇ ಸುಮಾರು 80 ಮಿಲಿಸೆಕೆಂಡ್ ಹಿಡಿಯುವಂತೆ ಮಾಡಲಾಗಿದೆ. ಬೇರೆ ತಡೆ ಇಲ್ಲದಿದ್ದರೆ ಯಂತ್ರವೊಂದು ಹದಿನಾಲ್ಕು ನಿಮಿಷದೊಳಗೆ ಎಲ್ಲವನ್ನೂ ಮುಗಿಸುತ್ತದೆ. ಆರಂಕಿಯಾದರೆ ಸುಮಾರು 22 ಗಂಟೆ. ಆದ್ದರಿಂದ ಸಣ್ಣ ಪಿನ್ನನ್ನು ನಿಜವಾಗಿ ಕಾಯುವುದು ತಪ್ಪು ಪ್ರಯತ್ನಗಳ ನಡುವೆ ಹೇರುವ ಕಾಯುವಿಕೆ. ನಾಲ್ಕಾರು ಸಲ ತಪ್ಪಿದ ಮೇಲೆ ಫೋನ್ ಮೊದಲು ನಿಮಿಷಗಟ್ಟಲೆ, ಆಮೇಲೆ ಗಂಟೆಗಟ್ಟಲೆ ಕಾಯಿಸುತ್ತದೆ. ಹತ್ತು ಸಲ ತಪ್ಪಿದರೆ ಎಲ್ಲವನ್ನೂ ಅಳಿಸುವ ಆಯ್ಕೆಯೂ ಐಫೋನಿನಲ್ಲಿದೆ.

ಈ ತಡೆಗಳ ಬೆಲೆ ಏನೆಂಬುದು ಅಮೆರಿಕದ ಒಂದು ಪ್ರಕರಣದಲ್ಲಿ ಜಗತ್ತಿಗೆ ಕಂಡಿತು. 2015ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ ನಡೆದ ಗುಂಡಿನ ದಾಳಿಯಲ್ಲಿ 14 ಮಂದಿ ಸತ್ತರು. ದಾಳಿಕೋರರಲ್ಲಿ ಒಬ್ಬನ ಕಚೇರಿಯ ಐಫೋನ್ 5ಸಿ ತನಿಖಾ ಸಂಸ್ಥೆ ಎಫ್‌ಬಿಐಗೆ ಸಿಕ್ಕಿತು. ಅದಕ್ಕಿದ್ದದ್ದು ನಾಲ್ಕಂಕಿಯ ಪಾಸ್‌ಕೋಡ್. ಆದರೂ ತೆರೆಯಲಾಗಲಿಲ್ಲ, ಹತ್ತನೆಯ ತಪ್ಪಿಗೆ ಎಲ್ಲವೂ ಅಳಿಸಿಹೋಗಬಹುದೆಂಬ ಭಯ. 2016ರ ಫೆಬ್ರುವರಿ 16ರಂದು ನ್ಯಾಯಾಲಯವು ಈ ತಡೆಗಳನ್ನು ತೆಗೆದುಹಾಕುವ ವಿಶೇಷ ಸಾಫ್ಟ್‌ವೇರ್ ಬರೆದುಕೊಡಲು ಆಪಲ್ ಕಂಪನಿಗೆ ಆದೇಶಿಸಿತು. ಆಪಲ್ ಒಪ್ಪಲಿಲ್ಲ. ಮಾರ್ಚ್ 28ರಂದು, ಹೊರಗಿನವರ ನೆರವಿನಿಂದ ಫೋನ್ ತೆರೆದಿದ್ದೇವೆ ಎಂದು ತಿಳಿಸಿ ಸರ್ಕಾರ ಮೊಕದ್ದಮೆಯನ್ನು ಕೈಬಿಟ್ಟಿತು. 5ಸಿ ಮಾದರಿಯಲ್ಲಿ ಪ್ರತ್ಯೇಕ ಸುರಕ್ಷಾ ಚಿಪ್ ಇರಲಿಲ್ಲ, ಕಾಯಿಸುವ ಕೆಲಸ ಸಾಫ್ಟ್‌ವೇರಿನದ್ದಾಗಿತ್ತು. ನಂತರದ ಫೋನುಗಳಲ್ಲಿ ಅದು ಚಿಪ್‌ನದ್ದೇ ಕೆಲಸ. ಆದರೆ ಸಾಕಷ್ಟು ಹಣ, ಸಮಯ, ಪರಿಣತಿ ಇದ್ದವರಿಗೆ ಕೆಲವು ಫೋನುಗಳು ಮಣಿಯುತ್ತವೆ ಎಂಬುದೂ ಇದೇ ಪ್ರಕರಣದಿಂದ ತಿಳಿಯಿತು. ಬಸ್ಸಿನಲ್ಲಿ ಜೇಬು ಕತ್ತರಿಸುವವರಿಗೆ ಆ ಸಾಮರ್ಥ್ಯ ಇರುವುದಿಲ್ಲ.

ಕಳೆದುಹೋದಾಗ ಫೋನ್ ಯಾವ ಸ್ಥಿತಿಯಲ್ಲಿತ್ತು ಎಂಬುದೂ ಮುಖ್ಯ. ಆಫ್ ಮಾಡಿ ಆನ್ ಮಾಡಿದ ಫೋನಿಗೆ ಒಮ್ಮೆಯೂ ಪಿನ್ ಕೊಟ್ಟಿಲ್ಲದಿದ್ದರೆ ಖಾಸಗಿ ಮಾಹಿತಿಯ ಕೀಲಿ ಇನ್ನೂ ತೆರೆದಿರುವುದಿಲ್ಲ. ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಫೋನನ್ನು ರೀಸ್ಟಾರ್ಟ್ ಮಾಡಿ, ಪಿನ್ ಒತ್ತದೆ, ಮನೆಯವರ ಫೋನಿನಿಂದ ಕರೆ ಮಾಡಿದರೆ ರಿಂಗ್ ಆಗುತ್ತದೆ, ಆದರೆ ಪರದೆಯ ಮೇಲೆ ಹೆಸರಿನ ಬದಲು ಬರೀ ನಂಬರ್ ಕಾಣುತ್ತದೆ. ಹೆಸರುಗಳಿರುವ ಪಟ್ಟಿ ಇನ್ನೂ ಎನ್‌ಕ್ರಿಪ್ಷನ್ನಿನ ಒಳಗೇ ಇದೆ. ಒಮ್ಮೆ ಪಿನ್ ಒತ್ತಿದ ಮೇಲೆ, ಪರದೆ ಮತ್ತೆ ಲಾಕ್ ಆದರೂ, ಹೆಚ್ಚಿನ ಕೀಲಿಗಳು ಫೋನಿನ ಸ್ಮೃತಿಯಲ್ಲಿ ಉಳಿಯುತ್ತವೆ. ಹಿನ್ನೆಲೆಯಲ್ಲಿ ಸಂದೇಶಗಳು ಬಂದು ಸೇರಬೇಕಾದರೆ ಹಾಗಿರಲೇಬೇಕು. ಪರಿಣತರ ಉಪಕರಣಗಳು ಹುಡುಕುವುದು ಈ ಸ್ಥಿತಿಯ ಫೋನುಗಳನ್ನೇ. ಅದಕ್ಕಾಗಿಯೇ 2024ರಿಂದ ಐಫೋನ್, 2025ರಿಂದ ಆಂಡ್ರಾಯ್ಡ್, ಮೂರು ದಿನ ಲಾಕ್ ತೆಗೆಯದೆ ಬಿದ್ದಿರುವ ಫೋನ್ ತಾನಾಗಿ ರೀಸ್ಟಾರ್ಟ್ ಆಗುವ ವ್ಯವಸ್ಥೆ ತಂದವು. ಕೈಯಲ್ಲಿ ತೆರೆದು ಹಿಡಿದಿದ್ದ ಫೋನನ್ನು ಯಾರಾದರೂ ಕಸಿದುಕೊಂಡರೆ ಮಾತ್ರ ಎನ್‌ಕ್ರಿಪ್ಷನ್ ಏನೂ ಮಾಡಲಾರದು.

ವಾಟ್ಸ್‌ಆ್ಯಪ್ ಪರದೆಯಲ್ಲಿ ಕಾಣುವ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇದಕ್ಕಿಂತ ಬೇರೆ ಕೆಲಸ ಮಾಡುತ್ತದೆ. ಕಳಿಸುವವರ ಫೋನಿನಿಂದ ಪಡೆಯುವವರ ಫೋನಿನ ತನಕ, ನಡುವೆ ಕಂಪನಿಯ ಸರ್ವರ್ ಕೂಡ ಓದದಂತೆ ಅದು ಸಂದೇಶವನ್ನು ಕಾಯುತ್ತದೆ. ತಲುಪಿದ ಸಂದೇಶ ಫೋನಿನಲ್ಲಿ ಉಳಿದುಕೊಂಡಾಗ ಅದರ ರಕ್ಷಣೆ ಫೋನಿನ ಎನ್‌ಕ್ರಿಪ್ಷನ್ನಿಗೆ ಸೇರುತ್ತದೆ. ಪಿನ್ ಗೊತ್ತಿದ್ದವರಿಗೆ ಎಲ್ಲ ಮಾತುಕತೆಯೂ ತೆರೆದ ಪುಸ್ತಕ.

ಹಾಗಿದ್ದರೂ ಫೋನ್ ಕಳೆದುಹೋದಾಗ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ನಿಗೆ ಒಂದು ದೊಡ್ಡ ಪಾತ್ರವಿದೆ, ಅದು ಬ್ಯಾಕಪ್‌ನಲ್ಲಿ. ಸ್ಯಾನ್ ಬರ್ನಾರ್ಡಿನೊ ಫೋನನ್ನು ತೆರೆಯಲು ಒಪ್ಪದ ಆಪಲ್, ಅದೇ ಫೋನಿನಿಂದ 2015ರ ಅಕ್ಟೋಬರ್ 19ರವರೆಗೆ ಐಕ್ಲೌಡ್‌ಗೆ ಹೋಗಿದ್ದ ಬ್ಯಾಕಪ್‌ಗಳನ್ನು ತನಿಖೆಗೆ ಕೊಟ್ಟಿತ್ತು. ಆ ಬ್ಯಾಕಪ್‌ಗಳ ಕೀಲಿ ಕಂಪನಿಯ ಬಳಿಯೇ ಇತ್ತು. ಕೀಲಿಯನ್ನು ಬಳಕೆದಾರರಿಗಷ್ಟೇ ಬಿಡುವ ಆಯ್ಕೆ ಬಂದದ್ದು ತಡವಾಗಿ: ವಾಟ್ಸ್‌ಆ್ಯಪ್ ಬ್ಯಾಕಪ್‌ಗೆ 2021ರಲ್ಲಿ, ಐಕ್ಲೌಡ್ ಬ್ಯಾಕಪ್‌ಗೆ 2022ರ ಕೊನೆಯಲ್ಲಿ. ಎರಡನ್ನೂ ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಿಕೊಳ್ಳಬೇಕು. ವಾಟ್ಸ್‌ಆ್ಯಪ್‌ನಲ್ಲಿ ಪಾಸ್‌ವರ್ಡ್ ಇಲ್ಲವೇ 64 ಅಂಕಿಗಳ ಕೀಲಿ ಆರಿಸಬಹುದು. ಆ ಕೀಲಿಯ ಸ್ಕ್ರೀನ್‌ಶಾಟ್ ತೆಗೆದು ಅದೇ ಫೋನಿನಲ್ಲಿಟ್ಟರೆ ಫೋನಿನ ಜೊತೆ ಬ್ಯಾಕಪ್ ಕೂಡ ಹೋದಂತೆಯೇ, ಕಂಪನಿಯವರೂ ಅದನ್ನು ತೆರೆದುಕೊಡಲಾರರು. ಕಾಗದದ ಮೇಲೆ ಬರೆದು ಬೀರುವಿನಲ್ಲಿಡುವುದೇ ಒಳ್ಳೆಯದು.

ಎರಡು ವಸ್ತುಗಳು ಫೋನಿನೊಳಗೇ ಇದ್ದರೂ ಈ ರಕ್ಷಣೆಯ ಹೊರಗಿರುತ್ತವೆ. ಮೆಮೊರಿ ಕಾರ್ಡಿನ ಮಾಹಿತಿ ಸಾಮಾನ್ಯವಾಗಿ ಎನ್‌ಕ್ರಿಪ್ಟ್ ಆಗಿರುವುದಿಲ್ಲ, ತೆಗೆದು ಬೇರೆ ಫೋನಿಗೆ ಹಾಕಿದರೆ ಫೋಟೊಗಳು ಕಾಣುತ್ತವೆ. ಸಿಮ್ ಅಂತೂ ಯಾವ ಫೋನಿನಲ್ಲಿ ಹಾಕಿದರೂ ಒಟಿಪಿ ತರಿಸಿಕೊಳ್ಳುತ್ತದೆ, ಸಿಮ್‌ಗೇ ಪಿನ್ ಇಟ್ಟಿದ್ದರೆ ಮಾತ್ರ ತಡೆ.

ಕಳೆದ ಫೋನನ್ನು ದೂರದಿಂದ ಅಳಿಸುವ ಆದೇಶವೂ ಎನ್‌ಕ್ರಿಪ್ಷನ್ ಇರುವುದರಿಂದಲೇ ಕ್ಷಣದಲ್ಲಿ ಮುಗಿಯುತ್ತದೆ. ಕೀಲಿಯೊಂದನ್ನು ನಾಶಮಾಡಿದರೆ ಉಳಿದದ್ದೆಲ್ಲ ಓದಲಾಗದ ರಾಶಿಯಾಗುತ್ತದೆ. ಆದರೆ ಆದೇಶ ತಲುಪಲು ಫೋನಿಗೆ ಇಂಟರ್ನೆಟ್ ಬೇಕು. ಹೀಗಾಗಿ ಮೊದಲು ಇನ್ನೊಂದು ಫೋನಿನಿಂದ ಲಾಕ್ ಅಥವಾ ಅಳಿಸುವ ಆದೇಶ, ಕೂಡಲೇ ಸಿಮ್ ಬ್ಲಾಕ್, ಆಮೇಲೆ ಪೊಲೀಸ್ ದೂರು ಎಂಬ ಕ್ರಮ ಲೇಸು. ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಐಎಂಇಐ ಬ್ಲಾಕ್ ಮಾಡಿಸುವುದು ಕೊನೆಗೆ. ಅದು ಭಾರತದ ಮೊಬೈಲ್ ಜಾಲಗಳಲ್ಲಿ ಆ ಫೋನ್ ನಡೆಯದಂತೆ ಮಾಡುತ್ತದೆಯೇ ಹೊರತು ಒಳಗಿನ ಒಂದು ಫೋಟೊವನ್ನೂ ಅಳಿಸುವುದಿಲ್ಲ.