ಒಂದು ಸ್ಥಾಯಿ ಮೇಲೆ, ಒಂದು ಸ್ಥಾಯಿ ಕೆಳಗೆ

ಮೈಕಿನ ಮುಂದೆ ಕೂತ ಮಹಿಳೆಯೊಬ್ಬಳು ಒಂದೇ ಶ್ರುತಿಯಲ್ಲಿ ‘ಓ’ ಎಂದು ಎಳೆಯುತ್ತಾಳೆ. ದನಿಯ ಎತ್ತರವನ್ನು ತೋರಿಸುವ ಗೆರೆ ಕಂಪ್ಯೂಟರ್ ಪರದೆಯ ಮೇಲೆ 200 ಹರ್ಟ್ಜ್ ಹತ್ತಿರ ನೆಟ್ಟಗೆ ಸಾಗುತ್ತಿರುತ್ತದೆ. ಅದು ಇದ್ದಕ್ಕಿದ್ದಂತೆ 400ಕ್ಕೆ ನೆಗೆದು, ಕಣ್ಣು ಮಿಟುಕಿಸುವಷ್ಟು ಹೊತ್ತು ಅಲ್ಲೇ ನಿಂತು, ಮತ್ತೆ 200ಕ್ಕೆ ಬೀಳುತ್ತದೆ. ಕೇಳುತ್ತಿದ್ದವರ ಕಿವಿಗೆ ದನಿ ಕದಲಿದ್ದೇ ಇಲ್ಲ. ತಪ್ಪು ಯಂತ್ರದ್ದು, ಸರಿ. ಆದರೆ ಅದು 270ಕ್ಕೋ 330ಕ್ಕೋ ಹೋಗದೆ ಸರಿಯಾಗಿ ಎರಡರಷ್ಟಕ್ಕೇ ಏಕೆ ಹೋಯಿತು? ಕೆಲವೊಮ್ಮೆ ಅರ್ಧಕ್ಕೆ, ಅಂದರೆ 100ಕ್ಕೆ, ಏಕೆ ಇಳಿಯುತ್ತದೆ?

ಸ್ವರಗಳನ್ನೂ ಗ, ದ, ಬದಂಥ ಘೋಷಾಕ್ಷರಗಳನ್ನೂ ಉಚ್ಚರಿಸುವಾಗ ಗಂಟಲಿನ ಧ್ವನಿತಂತುಗಳು ಲಯಬದ್ಧವಾಗಿ ತೆರೆದು ಮುಚ್ಚುತ್ತವೆ. ಈ ಮಹಿಳೆಯ ದನಿಯಲ್ಲಿ ಅದು ಸೆಕೆಂಡಿಗೆ 200 ಸಲ ನಡೆಯುತ್ತಿದೆ. ಹಾಗಾಗಿ 5 ಮಿಲಿಸೆಕೆಂಡಿಗೊಮ್ಮೆ ಅಲೆಯ ಆಕಾರ ಹೆಚ್ಚುಕಡಿಮೆ ಹಾಗೇ ಮರುಕಳಿಸುತ್ತದೆ. ಎತ್ತರ ಅಳೆಯುವುದೆಂದರೆ ಆ ಮರುಕಳಿಕೆಯ ಅವಧಿಯನ್ನು ಪತ್ತೆಹಚ್ಚುವುದು.

ಅದಕ್ಕಿರುವ ಹಳೆಯ, ಇಂದಿಗೂ ಬಳಕೆಯಲ್ಲಿರುವ ಉಪಾಯ ಆಟೊಕೊರಿಲೇಷನ್. ಒಂದೇ ಅಲೆಯನ್ನು ಎರಡು ಪಾರದರ್ಶಕ ಹಾಳೆಗಳ ಮೇಲೆ ಬರೆದು ಒಂದರ ಮೇಲೊಂದು ಇಟ್ಟಿದ್ದೀರಿ ಎಂದುಕೊಳ್ಳಿ. ಮೇಲಿನ ಹಾಳೆಯನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿದರೆ ಗೆರೆಗಳು ಬೇರೆಯಾಗುತ್ತವೆ. ಪೂರ್ತಿ ಒಂದು ಅವಧಿಯಷ್ಟು ಸರಿದಾಗ ಮತ್ತೆ ಒಂದಾಗುತ್ತವೆ. ಕಂಪ್ಯೂಟರ್ ಮಾಡುವುದೂ ಇದನ್ನೇ. ದನಿಯಿಂದ ಸೆಕೆಂಡಿಗೆ 8000 ಸ್ಯಾಂಪಲ್ ತೆಗೆದಿದ್ದರೆ 30 ಮಿಲಿಸೆಕೆಂಡಿನ ತುಣುಕಿನಲ್ಲಿ 240 ಸ್ಯಾಂಪಲ್ ಇರುತ್ತವೆ. ಪ್ರತಿ ಸ್ಯಾಂಪಲನ್ನೂ ಇಂತಿಷ್ಟು ದೂರದಲ್ಲಿರುವ ಸ್ಯಾಂಪಲಿನೊಂದಿಗೆ ಗುಣಿಸಿ, ಎಲ್ಲವನ್ನೂ ಕೂಡಿದರೆ ಆ ದೂರಕ್ಕೆ ಒಂದು ಅಂಕ ಸಿಗುತ್ತದೆ. ನಮ್ಮ ‘ಓ’ಕಾರದಲ್ಲಿ 40 ಸ್ಯಾಂಪಲ್ ಸರಿಸಿದಾಗ ಅಂಕ ಶಿಖರ ಮುಟ್ಟಬೇಕು; 8000 ÷ 40 = 200. ಏನೂ ಸರಿಸದಿದ್ದಾಗಲೂ ಹಾಳೆಗಳು ಪೂರ್ತಿ ಹೊಂದುತ್ತವಾದ್ದರಿಂದ ಸೊನ್ನೆಯ ಆಸುಪಾಸನ್ನು ಬಿಟ್ಟು, ಮನುಷ್ಯರ ಮಾತಿಗೆ ಸಲ್ಲುವ ಮಿತಿಯೊಳಗೆ, 16ರಿಂದ 107 ಸ್ಯಾಂಪಲ್‌ವರೆಗೆ ಎನ್ನಿ, ಅತಿ ಎತ್ತರದ ಶಿಖರವನ್ನು ಆರಿಸುತ್ತಾರೆ. ಎಡವಟ್ಟಾಗುವುದು ಈ ಆರಿಸುವ ಹಂತದಲ್ಲೇ.

ಮನುಷ್ಯನ ದನಿ ಒಂದೇ ಕಂಪನದ್ದಲ್ಲ. 200ರ ಜೊತೆಗೆ 400, 600, 800 ಹರ್ಟ್ಜ್‌ಗಳ ಹಾರ್ಮೊನಿಕ್‌ಗಳೂ ಅದರಲ್ಲಿ ಬೆರೆತಿರುತ್ತವೆ. ಇವುಗಳಲ್ಲಿ ಯಾವುದು ಜೋರಾಗಬೇಕೆಂದು ನಿರ್ಧರಿಸುವುದು ಬಾಯಿಯ ಆಕಾರ. ‘ಓ’ ಎನ್ನುವಾಗ ಬಾಯಿ ಮತ್ತು ಗಂಟಲಿನ ಪೊಳ್ಳು ಸುಮಾರು 400 ಹರ್ಟ್ಜ್ ಆಸುಪಾಸಿನಲ್ಲಿ ಅನುರಣಿಸುತ್ತದೆ. ಅಂದರೆ ಈ ದನಿಯ ಎರಡನೇ ಹಾರ್ಮೊನಿಕ್ ಸರಿಯಾಗಿ ಅನುರಣನದ ಬಾಯಿಗೇ ಬಿದ್ದಿದೆ. ಹಳೆಯ ದೂರವಾಣಿ ಜಾಲದಲ್ಲಿ ಹಾದು ಬಂದ ದನಿಯಾದರೆ ಇನ್ನೂ ಕಷ್ಟ: ಆ ಜಾಲ 300 ಹರ್ಟ್ಜ್‌ಗಿಂತ ಕೆಳಗಿನದನ್ನು ಕುಗ್ಗಿಸುವುದರಿಂದ 200 ಸೊರಗಿ 400 ಹಾಗೇ ಉಳಿಯುತ್ತದೆ.

ಲೆಕ್ಕ ಸುಲಭವಾಗಲೆಂದು ಈ ಎರಡು ಕಂಪನಗಳನ್ನಷ್ಟೇ ಇಟ್ಟುಕೊಳ್ಳೋಣ. 400ರ ಅಲೆ 200ರ ಅಲೆಗಿಂತ ಐದು ಪಟ್ಟು ದೊಡ್ಡದಿದ್ದರೆ ಶಕ್ತಿಯಲ್ಲಿ 25 ಪಟ್ಟು. ಹಾಳೆಯನ್ನು ಅರ್ಧ ಅವಧಿ, ಅಂದರೆ 20 ಸ್ಯಾಂಪಲ್ ಸರಿಸಿದಾಗ 400ರ ಅಲೆ ಪೂರ್ತಿ ಹೊಂದುತ್ತದೆ, 200ರ ಅಲೆ ಪೂರ್ತಿ ತಲೆಕೆಳಗಾಗುತ್ತದೆ. ಒಟ್ಟು 26ರಲ್ಲಿ 25 ಪರ, 1 ವಿರುದ್ಧ. ಹೊಂದಿಕೆ 24/26, ಅಂದರೆ 0.92. ನಿಜವಾದ ಅವಧಿಯಲ್ಲಿ ಹೊಂದಿಕೆ 1. ಇಷ್ಟೇ ಆಗಿದ್ದರೆ ಕೂದಲೆಳೆಯಲ್ಲಾದರೂ ಸತ್ಯವೇ ಗೆಲ್ಲುತ್ತಿತ್ತು.

ಆದರೆ ನಮ್ಮ ಹಾಳೆಗೆ ಉದ್ದದ ಮಿತಿಯಿದೆ. 20 ಸ್ಯಾಂಪಲ್ ಸರಿಸಿದರೆ 240ರಲ್ಲಿ 220 ಮಾತ್ರ ಒಂದರ ಮೇಲೊಂದು ಉಳಿಯುತ್ತವೆ. 40 ಸರಿಸಿದರೆ 200. ಕೂಡುವ ಸಂಖ್ಯೆಗಳೇ ಕಡಿಮೆಯಾದ್ದರಿಂದ ದೂರ ಹೆಚ್ಚಿದಷ್ಟೂ ಅಂಕ ತಾನಾಗಿ ತಗ್ಗುತ್ತದೆ. 20ರಲ್ಲಿ 0.92 ಇದ್ದದ್ದು 0.85ಕ್ಕೆ ಇಳಿದರೆ, 40ರಲ್ಲಿ 1 ಇದ್ದದ್ದು 0.83ಕ್ಕೆ ಇಳಿಯುತ್ತದೆ. ಸುಳ್ಳು ಶಿಖರ ಮೇಲಾಯಿತು, ಗೆರೆ 400ಕ್ಕೆ ನೆಗೆಯಿತು. ಈ ತುಣುಕಿನಲ್ಲಿ ಎರಡನೇ ಹಾರ್ಮೊನಿಕ್‌ನ ಶಕ್ತಿ 21 ಪಟ್ಟು ದಾಟಿದ ಕ್ಷಣ ತಪ್ಪು ಶುರು. ಬಾಯಿ ಸ್ವಲ್ಪ ಅಲುಗಿ ಆ ಪ್ರಮಾಣ ತಗ್ಗಿದ ಕೂಡಲೇ ಗೆರೆ ಮರಳಿ ಸ್ವಸ್ಥಾನಕ್ಕೆ ಬರುತ್ತದೆ.

ಹಾಗಾದರೆ ಅಂಕವನ್ನು ಉಳಿದ ಸ್ಯಾಂಪಲ್‌ಗಳ ಪ್ರಮಾಣದಿಂದ ಭಾಗಿಸಿ ನ್ಯಾಯ ಒದಗಿಸಬಹುದಲ್ಲ? ಆಮ್‌ಸ್ಟರ್‌ಡ್ಯಾಮಿನ ಪಾಲ್ ಬೋರ್ಸ್ಮಾ 1993ರಲ್ಲಿ ಪ್ರಕಟಿಸಿದ ವಿಧಾನದ ತಿರುಳು ಇದೇ. ಭಾಷಾವಿಜ್ಞಾನಿಗಳು ಬಳಸುವ ಪ್ರಾಟ್ ತಂತ್ರಾಂಶದಲ್ಲಿ ಅದಿದೆ. ಹೀಗೆ ಮಾಡಿದರೆ 40ರ ಶಿಖರ 1ಕ್ಕೆ ಏರಿ ಮೇಲಿನ ಸ್ಥಾಯಿಯ ತಪ್ಪು ಹೋಗುತ್ತದೆ. ಆದರೆ ಅದೇ ನ್ಯಾಯ ಎರಡು ಅವಧಿಯಷ್ಟು ದೂರದ, 80ರ ಶಿಖರಕ್ಕೂ ಸಲ್ಲಬೇಕು! 5 ಮಿಲಿಸೆಕೆಂಡಿಗೆ ಮರುಕಳಿಸುವ ಅಲೆ 10ಕ್ಕೂ ಮರುಕಳಿಸುತ್ತದೆ. ಈಗ 40, 80 ಎರಡಕ್ಕೂ ಅಂಕ 1. ದೂರಕ್ಕೆ ಬೀಳುತ್ತಿದ್ದ ದಂಡವೇ ಇಷ್ಟು ದಿನ ಕೆಳಗಿನ ಸ್ಥಾಯಿಯ ತಪ್ಪನ್ನು ತಡೆದಿತ್ತು.

ಈ ಸಮಬಲವನ್ನು ಮುರಿಯಲು ತೀರಾ ಸಣ್ಣ ಕಾರಣ ಸಾಕು. ಅವಧಿ 40ರ ಬದಲು 40.5 ಸ್ಯಾಂಪಲ್ ಇದ್ದರೆ? ಹಾಳೆಯನ್ನು ಅರ್ಧ ಸ್ಯಾಂಪಲ್ ಸರಿಸಲಾಗದು. 40ರಲ್ಲೋ 41ರಲ್ಲೋ ನಿಲ್ಲಬೇಕು, ಶಿಖರದ ತುದಿ ಎರಡರ ನಡುವೆ ತಪ್ಪಿಹೋಗುತ್ತದೆ. ನಮ್ಮ ‘ಓ’ಕಾರದಲ್ಲಿ ಆಗ ಸಿಗುವ ಹೊಂದಿಕೆ 0.988. ಎರಡು ಅವಧಿಗೆ ಮಾತ್ರ 81 ಎಂಬ ಪೂರ್ಣಸಂಖ್ಯೆ ಸಿಕ್ಕಿ ಪೂರ್ತಿ 1 ಅಂಕ ಬರುತ್ತದೆ. ಉತ್ತರ 99 ಹರ್ಟ್ಜ್: ಗೆರೆ ಒಂದು ಸ್ಥಾಯಿ ಕೆಳಗೆ ಕುಸಿಯುತ್ತದೆ.

ಪ್ರಾಟ್ ಇಂಥ ಕಡೆ ಅವಧಿ ದುಪ್ಪಟ್ಟಾದಾಗಲೆಲ್ಲ 0.01ರಷ್ಟು ಅಂಕ ಕಳೆಯುತ್ತದೆ. ಆದರೆ ಇಲ್ಲಿ 1ರಿಂದ 0.01 ಕಳೆದರೂ 0.99 ಉಳಿದು, 0.988ನ್ನು ಮೀರಿಸುತ್ತದೆ! ಆದ್ದರಿಂದಲೇ ಅದು ಅಂಕ ಕಳೆಯುವ ಮುನ್ನ ಸ್ಯಾಂಪಲ್‌ಗಳ ನಡುವಿನ ನಿಜವಾದ ತುದಿ ಎಲ್ಲಿದೆ ಎಂದು ಅಂದಾಜಿಸುತ್ತದೆ. ಹಾಗೆ ಮಾಡಿದ ಮೇಲೆ ಸಣ್ಣ ದಂಡವೂ ಸಾಕಾಗುತ್ತದೆ.

2002ರಲ್ಲಿ ಶೆವೆನ್ಯೆ ಮತ್ತು ಕವಹಾರ ಪ್ರಕಟಿಸಿದ ಯಿನ್ ವಿಧಾನ ಗುಣಾಕಾರದ ಬದಲು ಹಾಳೆಗಳ ನಡುವಿನ ವ್ಯತ್ಯಾಸವನ್ನು ಅಳೆಯುತ್ತದೆ. ವ್ಯತ್ಯಾಸ 0.1ಕ್ಕಿಂತ ಕೆಳಗಿಳಿಯುವ ಮೊದಲ ತಗ್ಗನ್ನೇ ಅದು ಆರಿಸುವುದರಿಂದ ಎರಡು ಅವಧಿಯ ಶಿಖರದವರೆಗೆ ಹೋಗುವುದೇ ಇಲ್ಲ. ಆದರೆ ನಮ್ಮ ‘ಓ’ಕಾರವನ್ನು ಅದಕ್ಕೆ ಕೊಟ್ಟು ನೋಡಿ. ಅರ್ಧ ಅವಧಿಯಲ್ಲಿ ಹೊಂದಿಕೆ 0.92 ಇತ್ತಲ್ಲ, ವ್ಯತ್ಯಾಸ ಸುಮಾರು 0.08. ಮಿತಿಯ ಕೆಳಗೇ ಇದೆ. ಯಿನ್ ಅಲ್ಲೇ ನಿಂತುಬಿಡುತ್ತದೆ, ಉತ್ತರ ಮತ್ತೆ 400! ಹತ್ತಿರದ ಶಿಖರಕ್ಕೆ ಒಲಿದರೆ ಮೇಲಿನ ತಪ್ಪು, ದೂರದ್ದಕ್ಕೆ ಒಲಿದರೆ ಕೆಳಗಿನ ತಪ್ಪು. ನನಗೆ ತೋರುವಂತೆ ಎರಡನ್ನೂ ಒಟ್ಟಿಗೆ ಇಲ್ಲವಾಗಿಸುವ ಒಂದೇ ಮಿತಿ ಇರಲಾರದು.

ಅಲೆಯನ್ನೇ ಮೊದಲು ಹದಗೊಳಿಸುವ ದಾರಿಯೂ ಒಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಮುಂದೆ ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿದ ಮನ್ ಮೋಹನ್ ಸೋಂಧಿ 1968ರಲ್ಲಿ ಇದನ್ನು ತೋರಿಸಿಕೊಟ್ಟರು. ಅಲೆಯ ನಡುಭಾಗದ ಸಣ್ಣ ಏರಿಳಿತಗಳನ್ನೆಲ್ಲ ಅಳಿಸಿ ದೊಡ್ಡ ತುದಿಗಳನ್ನಷ್ಟೇ ಉಳಿಸಿಕೊಂಡರೆ, ಬಾಯಿಯ ಅನುರಣನದ ಛಾಪು ಬಹುಮಟ್ಟಿಗೆ ಹೋಗಿ ಧ್ವನಿತಂತುಗಳ ಬಡಿತ ಎದ್ದು ಕಾಣುತ್ತದೆ.

ತಪ್ಪನ್ನು ಗುರುತಿಸುವುದು ಕಷ್ಟವೇನಲ್ಲ. ಧ್ವನಿತಂತುಗಳು 10 ಮಿಲಿಸೆಕೆಂಡಿನಲ್ಲಿ ಒಂದು ಸ್ಥಾಯಿ ಏರಿ, ಸ್ವಲ್ಪ ಹೊತ್ತಿಗೇ ಹಾಗೆಯೇ ಇಳಿಯುವುದು ಸಹಜವಲ್ಲ. ಗೆರೆಯಲ್ಲಿ ಸರಿಯಾಗಿ ಎರಡರಷ್ಟು ಅಥವಾ ಅರ್ಧದ ನೆಗೆತ ಕಂಡರೆ ಸಂಶಯಪಡಬೇಕು. ಅಕ್ಕಪಕ್ಕದ ತುಣುಕುಗಳನ್ನು ಒಟ್ಟಿಗೆ ನೋಡಿ ಇಂಥ ನೆಗೆತಕ್ಕೆ ದಂಡ ಹಾಕಿದರೆ ಹೆಚ್ಚಿನವು ತಿದ್ದಿಹೋಗುತ್ತವೆ. ಆದರೆ ಅರ್ಧಕ್ಕಿಳಿದದ್ದೆಲ್ಲ ತಪ್ಪಲ್ಲ. ವಾಕ್ಯದ ಕೊನೆಯಲ್ಲಿ ದನಿ ಗೊರಗೊರ ಎನ್ನುವಾಗ ಕೆಲವರ ಧ್ವನಿತಂತುಗಳು ಒಂದು ಬಡಿತ ಜೋರು, ಮುಂದಿನದು ಮೆಲ್ಲಗೆ, ಮತ್ತೆ ಜೋರು ಹೀಗೆ ಅದುರುತ್ತವೆ. ಆಗ ಅಲೆ ನಿಜಕ್ಕೂ ಎರಡು ಬಡಿತಕ್ಕೊಮ್ಮೆ ಮರುಕಳಿಸುತ್ತಿರುತ್ತದೆ, ಯಂತ್ರ ಅದನ್ನು ಸರಿಯಾಗಿಯೇ ಹೇಳಿರುತ್ತದೆ. ಗೆರೆಯನ್ನು ತಿದ್ದುವ ಮೊದಲು ಆ ಜಾಗದ ಅಲೆಯನ್ನು ದೊಡ್ಡದು ಮಾಡಿ, ಪಕ್ಕಪಕ್ಕದ ಎರಡು ತುದಿಗಳು ಒಂದೇ ಎತ್ತರವಿವೆಯೇ ಎಂದು ಕಣ್ಣಾರೆ ನೋಡಬೇಕು.