ನಾಡಿ 150ಕ್ಕೇ ನಿಂತರೆ

ಅರವತ್ತು ದಾಟಿದವರೊಬ್ಬರು ಎದೆ ಡವಡವ ಎನ್ನುತ್ತಿದೆ ಎಂದು ಆಸ್ಪತ್ರೆಗೆ ಬಂದಿದ್ದಾರೆ ಎಂದುಕೊಳ್ಳಿ. ನಾಡಿ ನಿಮಿಷಕ್ಕೆ 150. ಅರ್ಧ ಗಂಟೆ ಮಲಗಿಸಿದರೂ 150, ಎದ್ದು ಕೂತರೂ 150. ಭಯಕ್ಕೋ ಜ್ವರಕ್ಕೋ ಏರಿದ ನಾಡಿ ಹೀಗೆ ಒಂದೇ ಅಂಕಿಗೆ ಅಂಟಿಕೊಳ್ಳುವುದಿಲ್ಲ. ಅನುಭವಿ ವೈದ್ಯರಿಗೆ ಇಷ್ಟಕ್ಕೇ ಏಟ್ರಿಯಲ್ ಫ್ಲಟರ್ ಇರಬಹುದೇ ಎಂಬ ಅನುಮಾನ ಹುಟ್ಟುತ್ತದೆ.

ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ಆಗ ನಿಮಿಷಕ್ಕೆ ಸುಮಾರು 300 ಸಲ ಬಡಿಯುತ್ತಿರುತ್ತವೆ. ವಿದ್ಯುತ್ ಸಂದೇಶವನ್ನು ಕೆಳಕೋಣೆಗಳಿಗೆ ದಾಟಿಸುವ ಎವಿ ನೋಡ್ ಸಾಮಾನ್ಯವಾಗಿ ಎರಡಕ್ಕೆ ಒಂದನ್ನು ಮಾತ್ರ ಬಿಡುತ್ತದೆ. 150 ಬಂದದ್ದು ಹಾಗೆ. ಇಸಿಜಿಯ ಕೆಲವು ಲೀಡ್‌ಗಳಲ್ಲಿ ಇದು ಗರಗಸದ ಹಲ್ಲಿನಂತೆ ಕಾಣಬೇಕು. ಆದರೆ ಈ ವೇಗದಲ್ಲಿ ಹಲ್ಲುಗಳು ಕೆಳಕೋಣೆಯ ಅಲೆಗಳೊಳಗೆ ಹುದುಗಿ ಕಣ್ಣು ತಪ್ಪಿಸುವುದುಂಟು. ಅಡಿನೋಸಿನ್ ಚುಚ್ಚಿದರೆ ಎವಿ ನೋಡ್ ಕೆಲವು ಕ್ಷಣ ಸಂದೇಶ ತಡೆಯುತ್ತದೆ, ಆ ಬಿಡುವಿನಲ್ಲಿ ಹಲ್ಲುಗಳ ಸಾಲು ಬಯಲಾಗುತ್ತದೆ. ಔಷಧ ಫ್ಲಟರನ್ನು ನಿಲ್ಲಿಸುವುದು ಅಪರೂಪ. ಅದರ ಗುರುತು ಹಿಡಿಸುತ್ತದೆ, ಅಷ್ಟೆ.

ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಈ ಶಿಸ್ತಿಲ್ಲ. ಹಲವು ಅಲೆಗಳು ಒಟ್ಟಿಗೇ ಅಡ್ಡಾದಿಡ್ಡಿ ಹರಿದು ಇಸಿಜಿ ಗೆರೆ ನಡುಗುತ್ತದೆ, ನಾಡಿಗೆ ಲಯವೇ ಇರುವುದಿಲ್ಲ. ಅದನ್ನು ಕೆಣಕುವ ಕಿಡಿಗಳು ಹೆಚ್ಚಾಗಿ ಎಡ ಹೃತ್ಕರ್ಣಕ್ಕೆ ಸೇರುವ ಶ್ವಾಸಕೋಶದ ರಕ್ತನಾಳಗಳಿಂದ ಏಳುತ್ತವೆ. 1998ರಲ್ಲಿ ಫ್ರಾನ್ಸಿನ ಬೋರ್ಡೋದ ಮಿಶೆಲ್ ಹೈಸಗೇರ್ ತಂಡ ಇದನ್ನು ತೋರಿಸಿತು.

ಸಾಮಾನ್ಯ ಬಗೆಯ ಫ್ಲಟರ್‌ನಲ್ಲಿ ಇರುವುದು ಒಂದೇ ಅಲೆ. ಬಲ ಹೃತ್ಕರ್ಣದಲ್ಲಿ, ತ್ರಿದಳ ಕವಾಟದ ಸುತ್ತ ಅದು ಬಿಡದೆ ಸುತ್ತುತ್ತದೆ. ಒಂದು ಸುತ್ತಿಗೆ ಸೆಕೆಂಡಿನ ಐದನೇ ಒಂದು ಭಾಗ ಸಾಕು. ಒಂದು ಸುತ್ತಿಗೆ ಒಂದು ಹಲ್ಲು. ಈ ಸುತ್ತಿನಲ್ಲಿ ಅಲೆ ಒಂದು ಇಕ್ಕಟ್ಟಾದ ಜಾಗ ದಾಟಲೇಬೇಕು: ಕವಾಟದ ಅಂಚಿಗೂ, ದೇಹದ ಕೆಳಭಾಗದಿಂದ ರಕ್ತ ತರುವ ಮಹಾಅಭಿಧಮನಿಗೂ ನಡುವಿನ ಕಿರುಪಟ್ಟಿ.

ಅಬ್ಲೇಷನ್ ಗೆಲ್ಲುವುದು ಇಲ್ಲಿಯೇ. ತೊಡೆಸಂದಿನ ರಕ್ತನಾಳದಿಂದ ಕ್ಯಾಥೆಟರ್ ಏರಿಸಿ, ಆ ಪಟ್ಟಿಯನ್ನು ಅಡ್ಡಲಾಗಿ, ಚುಕ್ಕಿಗೆ ಚುಕ್ಕಿ ಸೇರಿಸಿ ಸುಡುತ್ತಾರೆ. ಸುತ್ತು ಕಡಿದರೆ ಫ್ಲಟರ್ ಅಲ್ಲೇ ನಿಲ್ಲುತ್ತದೆ. ಆದರೂ ಕೆಲಸ ಮುಗಿದಂತಲ್ಲ. ಗೆರೆಯ ಆ ಬದಿಯಿಂದ ಈ ಬದಿಗೂ, ಈ ಬದಿಯಿಂದ ಆ ಬದಿಗೂ ವಿದ್ಯುತ್ ದಾಟುತ್ತಿಲ್ಲವೆಂದು ಪರೀಕ್ಷಿಸುತ್ತಾರೆ. ಸಣ್ಣ ಸಂದು ಉಳಿದರೂ ಫ್ಲಟರ್ ಮರಳಬಹುದು. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಇದು ಯಶಸ್ವಿ. ಫಿಬ್ರಿಲೇಷನ್‌ಗೆ ಕಡಿಯಲು ಇಂಥ ಒಂದೇ ದಾರಿ ಇಲ್ಲವಾದ್ದರಿಂದ ಅಲ್ಲಿ ಫಲ ಇಷ್ಟು ಖಚಿತವಲ್ಲ.

ಒಂದು ಎಚ್ಚರ: ಫ್ಲಟರ್ ಹೋದವರಲ್ಲೂ ಮುಂದಿನ ವರ್ಷಗಳಲ್ಲಿ ಅನೇಕರಿಗೆ ಫಿಬ್ರಿಲೇಷನ್ ಕಾಣಿಸಿಕೊಳ್ಳುತ್ತದೆ. ಎರಡರಲ್ಲೂ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗುವ ಅಪಾಯವಿದೆ. ಎದೆ ಹಗುರವಾಯಿತೆಂದು ರಕ್ತ ತೆಳುವಾಗಿಸುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.