ಹತ್ತು ವರ್ಷದ ಡೆಸ್ಕ್‌ಟಾಪ್‌ನಲ್ಲಿ ಇಂದಿನ ಗೇಮ್ ಓಡುತ್ತದೆಯೇ?

2015ರಲ್ಲಿ ಬಂದ ಇಂಟೆಲ್ ಪೆಂಟಿಯಂ ಜಿ4400 ಮತ್ತು ಕೋರ್ ಐ3-6100, ಎರಡರಲ್ಲೂ ಇರುವುದು ಎರಡೇ ಕೋರ್. ಆದರೆ ಐ3 ಒಂದೊಂದು ಕೋರ್‌ನಲ್ಲಿ ಎರಡೆರಡು ಥ್ರೆಡ್ ನಡೆಸಬಲ್ಲದು. ಪೆಂಟಿಯಂಗೆ ಅದು ಸಾಧ್ಯವಿಲ್ಲ. ಕೌಂಟರ್-ಸ್ಟ್ರೈಕ್ 2 ಕನಿಷ್ಠ ನಾಲ್ಕು ಥ್ರೆಡ್ ಕೇಳುವುದರಿಂದ ಪೆಂಟಿಯಂ ಅಲ್ಲೇ ಹೊರಗುಳಿಯುತ್ತದೆ. ವ್ಯಾಲರಂಟ್ ಅಷ್ಟು ಕಟ್ಟುನಿಟ್ಟಲ್ಲ, ಎರಡು ಕೋರ್‌ಗೂ ಒಪ್ಪುತ್ತದೆ.

ಓಡುವುದು ಬೇರೆ, ಸರಾಗವಾಗಿ ಓಡುವುದು ಬೇರೆ. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದೊಂದು ಫ್ರೇಮೂ ಸುಮಾರು 16.7 ಮಿಲಿಸೆಕೆಂಡಿನೊಳಗೆ ಸಿದ್ಧವಾಗಬೇಕು. ಸರಾಸರಿ 80 ಫ್ರೇಮ್ ತೋರಿಸುತ್ತಿದ್ದರೂ, ಹೊಗೆ ಬಾಂಬ್ ಸಿಡಿದು ನಾಲ್ಕೈದು ಆಟಗಾರರು ಒಟ್ಟಿಗೆ ಗುಂಡು ಹಾರಿಸುವ ಕ್ಷಣದಲ್ಲಿ ಒಂದು ಫ್ರೇಮಿಗೆ 60 ಮಿಲಿಸೆಕೆಂಡ್ ಹಿಡಿದರೆ ಚಿತ್ರ ತಡವರಿಸುತ್ತದೆ. ಸೋಲುವುದು ಅಲ್ಲೇ. ಹಾಗಾಗಿ ಖಾಲಿ ಅಭ್ಯಾಸದ ಅಂಕಣದಲ್ಲಿ ಕಂಡ ಅಂಕಿಯನ್ನು ನಂಬಬೇಡಿ, ಹತ್ತು ಜನರಿರುವ ಪಂದ್ಯದಲ್ಲೇ ಅಳೆಯಿರಿ.

ತಪ್ಪು ಯಾರದೆಂದು ತಿಳಿಯುವುದು ಸುಲಭ. ರೆಸಲ್ಯೂಷನ್ ಅನ್ನು 1920×1080ರಿಂದ 1280×720ಕ್ಕೆ ಇಳಿಸಿ. ಫ್ರೇಮ್ ಏರಿದರೆ ಗ್ರಾಫಿಕ್ಸ್ ಸೋಲುತ್ತಿತ್ತು ಎಂದರ್ಥ. ಕದಲದಿದ್ದರೆ, ಜೊತೆಗೆ ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು ನೂರಕ್ಕೆ ತಾಗಿದ್ದರೆ, ಪ್ರೊಸೆಸರೇ ಅಡ್ಡಿ. ಆಗ ಹೊಸ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸುರಿಯುವುದು ವ್ಯರ್ಥ. ಮೊದಲು ಹಿನ್ನೆಲೆಯ ಬ್ರೌಸರ್ ಮುಚ್ಚಿ ನೋಡಿ. ಆಗಲೂ ತಡವರಿಸಿದರೆ ಅದೇ ಮದರ್‌ಬೋರ್ಡಿಗೆ ಕೂರುವ, ನಾಲ್ಕು ಕೋರ್‌ನ ಹಳೆಯ ಐ5-6500 ಹುಡುಕಿ.

ಇನ್ನೊಂದು ಮಿತಿ ವೇಗದ್ದಲ್ಲ. ಈ ಪ್ರೊಸೆಸರ್‌ಗಳಿಗೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.